ಖಾಲಿ ಬಾರದ ಡಬ್ಬಿ

ಮೊನ್ನೆ ಭಾನುವಾರ ಮೇಷ್ಟ್ರು ನನ್ನ ಸ್ಟೀಲ್ ಡಬ್ಬಿ ವಾಪಸ್ ಕೊಟ್ಟರು. ಒಳಗೆ ಆರು ನಿಂಬೆಹಣ್ಣು, ಒಂದು ಹಿಡಿ ಕರಿಬೇವು. ಹಿಂದಿನ ವಾರ ಅದರಲ್ಲಿ ನಾನು ಗೊಜ್ಜವಲಕ್ಕಿ ಕೊಟ್ಟಿದ್ದೆ. ಮನೆಗೆ ಬಂದು ಆ ಹಣ್ಣುಗಳನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ.

ನನಗೀಗ 66. ನಮ್ಮವರು ಹೋಗಿ ನಾಲ್ಕು ವರ್ಷ. ಮಗಳು ಪುಣೆಯಲ್ಲಿ, ನಾನು ಮೈಸೂರಿನ ಕುವೆಂಪುನಗರದಲ್ಲಿ ಒಬ್ಬಳೇ. ಭಾನುವಾರ ಬಡಾವಣೆಯ ಹಿರಿಯರ ಕೂಟಕ್ಕೆ ಹೋಗುತ್ತೇನೆ. ಸ್ವಲ್ಪ ಭಜನೆ, ಒಂದು ಸುತ್ತು ತಂಬೋಲ, ಆಮೇಲೆ ಕಾಫಿ. ಮೇಷ್ಟ್ರೂ ಹೆಂಡತಿಯನ್ನು ಕಳೆದುಕೊಂಡವರು. ಮೂರು ತಿಂಗಳಿಂದ ಫ್ಯಾನಿನ ಕೆಳಗಿನ ಕುರ್ಚಿಗೆ ತಮ್ಮ ಟವೆಲ್ ಹಾಕಿಟ್ಟು, ನಾನು ಬಂದ ಕೂಡಲೇ ಅದನ್ನು ತೆಗೆದು ಕೂರಿಸುತ್ತಾರೆ. ಶನಿವಾರವೇ ಸೀರೆ ಇಸ್ತ್ರಿ ಮಾಡಿಟ್ಟುಕೊಳ್ಳುವ ಅಭ್ಯಾಸ ನನಗೆ ಶುರುವಾಗಿದ್ದು ಆಗಲೇ.

ಒಂದು ವಾರ ತಡವಾಗಿ ಹೋದೆ. ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿದ್ದರು. ಅವರಿಗೂ ಮೇಷ್ಟ್ರು ಅಷ್ಟೇ ಅಕ್ಕರೆಯಿಂದ ಕಾಫಿ ತಂದುಕೊಟ್ಟರು. ಎದೆ ಚುರ್ ಅಂದಿತು. ಅದು ಅವರ ತಪ್ಪಲ್ಲ. ಆದರೆ ಅಷ್ಟು ನೋವಾಗುವಷ್ಟು ದೂರ ನಾನು ಒಬ್ಬಳೇ ನಡೆದುಬಿಟ್ಟಿದ್ದೆ, ಅಲ್ವಾ?

ಅವತ್ತಿನಿಂದ ಮೇಷ್ಟ್ರ ನೆನಪು ಯಾವಾಗ ಬರುತ್ತದೆ ಎಂದು ಗಮನಿಸತೊಡಗಿದೆ. ಮೊಮ್ಮಗ ಫೋನಿನಲ್ಲಿ ಅರ್ಧ ಗಂಟೆ ಹರಟಿದ ದಿನ ಬರುವುದೇ ಇಲ್ಲ. ದೇವರ ದೀಪ ಹಚ್ಚಿ, ಒಬ್ಬಳಿಗೆ ಅನ್ನಕ್ಕಿಡಲೋ ಬೆಳಗಿನ ಉಪ್ಪಿಟ್ಟನ್ನೇ ತಿನ್ನಲೋ ಎಂದು ನಿಂತಿರುವಾಗ, ಏಳು ಗಂಟೆಗೆ, ತಪ್ಪದೆ ಬರುತ್ತದೆ. ಆ ಹೊತ್ತಿನಲ್ಲಿ ಯಾರು ನಾಲ್ಕು ಮಾತಾಡಿದರೂ ನನಗೆ ಸಾಕಾಗಿರುತ್ತಿತ್ತು. ಹಾಗಾಗಿ ಏಳು ಗಂಟೆಯ ಮನಸ್ಸನ್ನು ನಾನು ಜಾಸ್ತಿ ನಂಬುವುದಿಲ್ಲ. ಮರುಮದುವೆಯಾದರೆ ನನಗೆ ಬರುವ ಕುಟುಂಬ ಪಿಂಚಣಿ ನಿಲ್ಲುತ್ತದೆ ಎಂಬುದನ್ನೂ ಮರೆತಿಲ್ಲ. ಹಾಗಂತ ಒಂದು ಮಂಗಳವಾರ ಬೆಳಿಗ್ಗೆ, ಮನೆ ತುಂಬ ಕೆಲಸವಿದ್ದಾಗ, ಕಿಟಕಿಯಲ್ಲಿ ಸೂರಕ್ಕಿ ಗೂಡು ಕಟ್ಟುವುದನ್ನು ಕಂಡು ಇದನ್ನು ಮೇಷ್ಟ್ರಿಗೆ ಹೇಳಬೇಕು ಅನ್ನಿಸಿತು. ಅದು ಬೇಜಾರಿನಿಂದ ಬಂದದ್ದಲ್ಲ.

ಮೊನ್ನೆ ನಿಂಬೆಹಣ್ಣು ನೋಡಿ, "ಇದೆಲ್ಲ ಯಾಕೆ ಮೇಷ್ಟ್ರೇ?" ಅಂದೆ.

"ಡಬ್ಬಿ ಖಾಲಿ ಕೊಡಬಾರದು ಅಂತ ನಮ್ಮನೆಯವಳು ಹೇಳ್ತಿದ್ದಳು ಮೇಡಂ" ಅಂದರು.

ಅಂದರೆ ಅದು ನನಗಾಗಿ ಅಲ್ಲ, ಹೆಂಡತಿಯ ಮಾತು ಉಳಿಸಿಕೊಳ್ಳಲು. ಮನಸ್ಸು ಸ್ವಲ್ಪ ಇಳಿಯಿತು, ಆದರೆ ಆ ಉತ್ತರಕ್ಕೆ ಅವರ ಮೇಲಿನ ಗೌರವ ಹೆಚ್ಚಾಯಿತು. ಹೊರಡುವಾಗ, "ಎಡಮಂಡಿ ಹೇಗಿದೆ? ಮೆಟ್ಟಿಲು ಇಳಿಯುವಾಗ ಈಗಲೂ ನೋಯುತ್ತಾ?" ಎಂದು ಕೇಳಿದರು. ಮಂಡಿ ವಿಷಯ ನಾನು ಅವರಿಗೆ ಹೇಳಿರಲೇ ಇಲ್ಲ. ಮೂರು ವಾರದ ಹಿಂದೆ ಪಕ್ಕದ ಸಾಲಿನವರ ಹತ್ತಿರ ಹೇಳಿದ್ದೆ.

ನಿಂಬೆಹಣ್ಣು ಹೆಚ್ಚಿ ಉಪ್ಪು ಬೆರೆಸಿ ಭರಣಿಗೆ ಹಾಕಿದ್ದೇನೆ. ಸಿಪ್ಪೆ ಮೆತ್ತಗಾಗಲು ಎರಡು ಮೂರು ವಾರ ಬೇಕು. ಅಷ್ಟರೊಳಗೆ ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ ಸೂರಕ್ಕಿ ಮೊಟ್ಟೆ ಇಟ್ಟಿದೆ ಎಂದು ಹೇಳುತ್ತೇನೆ.