ಬೇರ್‌ಫುಟ್ ಶೂ: ಮೀನಖಂಡ ಒಪ್ಪಿದರೆ ಸಾಲದು, ಮೂಳೆಯೂ ಒಪ್ಪಬೇಕು

"ಸರ್, ಈಗಷ್ಟೇ ಓಡೋಕೆ ಶುರು ಮಾಡ್ತಿದೀನಿ. ಈ ಬೇರ್‌ಫುಟ್ ಶೂ ತಗೋಬಹುದಾ? ತಗೊಂಡ್ರೆ ಕಾಲಿಗೆ ಪೆಟ್ಟಾಗದ ಹಾಗೆ ಹೇಗೆ ರೂಢಿ ಮಾಡ್ಕೋಬೇಕು?"

ನಡೆಯೋಕೆ ಆದರೆ ತಗೊಳ್ಳಿ. ಓಡೋಕೆ ನಿಮ್ಮ ಮೊದಲನೇ ಶೂ ಅದೇ ಆಗೋದು ಬೇಡ.

ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ನನ್ನ ತೆಳ್ಳನೆ ಶೂ ನೋಡಿ ನಿಲ್ಲಿಸಿ ಕೇಳುವವರಿಗೆಲ್ಲ ಇಷ್ಟೇ ಹೇಳ್ತೀನಿ. ಆಗ ತಪ್ಪದೆ ಇನ್ನೊಂದು ಮಾತು ಬರುತ್ತೆ: "ನಮ್ಮಜ್ಜ ಜೀವನಪೂರ್ತಿ ಬರಿಗಾಲಲ್ಲೇ ಹೊಲ ತಿರುಗಿದ್ರು, ಅವರಿಗೇನಾಯ್ತು?" ಏನೂ ಆಗಲಿಲ್ಲ, ನಿಜ. ಆದರೆ ಅಜ್ಜ ಆ ಕಾಲನ್ನು ನಾಲ್ಕನೇ ವಯಸ್ಸಿನಿಂದ ತಯಾರು ಮಾಡಿಕೊಂಡು ಬಂದಿದ್ದರು. ನೀವು ಮೂವತ್ತೈದನೇ ವಯಸ್ಸಲ್ಲಿ, ಮೂರು ವಾರದಲ್ಲಿ ತಯಾರು ಮಾಡೋಕೆ ಹೊರಟಿದ್ದೀರಿ. ಅದೂ ಅಲ್ಲದೆ ಅಜ್ಜ ನಡೆದರು, ಐದು ಕಿಲೋಮೀಟರ್ ಒಂದೇ ಸಮ ಓಡಲಿಲ್ಲ.

ಈ ಶೂನಲ್ಲಿ ಬೇರೆ ಏನಿದೆ ಅಂತ ಮೊದಲು ನೋಡೋಣ. ಮಾಮೂಲಿ ಓಟದ ಶೂನಲ್ಲಿ ಹಿಮ್ಮಡಿ ಮುಂಗಾಲಿಗಿಂತ ಸುಮಾರು 8ರಿಂದ 12 ಮಿಲಿಮೀಟರ್ ಎತ್ತರದಲ್ಲಿ ಇರುತ್ತೆ, ಈ ವ್ಯತ್ಯಾಸಕ್ಕೆ ಡ್ರಾಪ್ ಅಂತಾರೆ. ಬೇರ್‌ಫುಟ್ ಶೂನಲ್ಲಿ ಡ್ರಾಪ್ ಸೊನ್ನೆ. ಅಟ್ಟೆ ತೆಳು, ಕೈಯಲ್ಲಿ ಸುತ್ತಿ ಹಿಡೀಬಹುದು. ಬೆರಳ ಕಡೆ ಅಗಲ. ಹಿಮ್ಮಡಿ ಆ ಒಂದು ಸೆಂಟಿಮೀಟರ್ ಕೆಳಗೆ ಇಳಿದರೆ ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ದಪ್ಪ ಹುರಿ, ಡಾಕ್ಟರು ಅಕಿಲಿಸ್ ಅನ್ನೋದು, ಅಷ್ಟು ಜಾಸ್ತಿ ಎಳೆಯಬೇಕಾಗುತ್ತೆ. ಮೆತ್ತೆ ಇಲ್ಲದ್ದರಿಂದ ಹೆಚ್ಚಿನವರು ತಾವಾಗಿಯೇ ಮುಂಗಾಲಿನ ಕಡೆ ಇಳಿಯೋಕೆ ಶುರು ಮಾಡ್ತಾರೆ. ಆಗ ಬೆರಳುಗಳ ಹಿಂದೆ ಇರುವ ಉದ್ದ ತೆಳ್ಳನೆ ಮೂಳೆಗಳ ಮೇಲೆ, ಅಂದರೆ ಮೆಟಟಾರ್ಸಲ್ ಮೂಳೆಗಳ ಮೇಲೆ, ಭಾರ ಬೀಳುತ್ತೆ. ಭಾರ ಎಲ್ಲೂ ಮಾಯ ಆಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ. ಮಂಡಿಗೆ ಸ್ವಲ್ಪ ಕಡಿಮೆ, ಪಾದಕ್ಕೆ ಮತ್ತು ಮೀನಖಂಡಕ್ಕೆ ಜಾಸ್ತಿ.

ನಾನು ಕೆಟ್ಟಿದ್ದು ಇಲ್ಲೇ. 2019ರಲ್ಲಿ ಮೊದಲ ಜೊತೆ ತಗೊಂಡಾಗ ಆಗಲೇ ಎರಡು ವರ್ಷದಿಂದ ಓಡ್ತಿದ್ದೆ, ಹಾಗಾಗಿ ನನಗೇನು ಅನ್ನೋ ಧಿಮಾಕು ಇತ್ತು. ಮೊದಲ ವಾರ ಮೀನಖಂಡ ಎಷ್ಟು ಹಿಡೀತು ಅಂದರೆ ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೋಬೇಕಾಯ್ತು. ಎರಡನೇ ವಾರ ಕಡಿಮೆ ಆಯ್ತು. ಮೂರನೇ ವಾರ ಏನೂ ಇಲ್ಲ, ಗಾಳಿಯಲ್ಲಿ ತೇಲಿದ ಹಾಗೆ. ಸರಿ, ಕಾಲು ಹೊಂದಿಕೊಂಡಿತು ಅಂದುಕೊಂಡು ನನ್ನ ಹಳೇ ಐದು ಕಿಲೋಮೀಟರ್ ಪೂರ್ತಿ ಅದರಲ್ಲೇ ಓಡೋಕೆ ಶುರು ಮಾಡಿದೆ. ಐದನೇ ವಾರ ಬಲಗಾಲಿನ ಮೇಲ್ಭಾಗದಲ್ಲಿ, ಎರಡನೇ ಬೆರಳಿನ ನೇರಕ್ಕೆ, ಸಣ್ಣ ನೋವು. ಲೇಸು ಬಿಗಿ ಆಗಿರಬೇಕು ಅಂತ ಸಡಿಲ ಮಾಡಿ ಇನ್ನೊಂದು ವಾರ ಓಡಿದೆ ನೋಡಿ, ಆ ವಾರಕ್ಕೆ ಬೆಲೆ ತೆತ್ತಿದ್ದು ಎರಡು ತಿಂಗಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, "ಏನಿಲ್ಲ, ಮುಲಾಮು ಹಚ್ಚಿ" ಅಂದರು. ಮೂರು ವಾರ ಬಿಟ್ಟು ಮತ್ತೆ ತೆಗೆಸಿದಾಗ ಮೂಳೆಯ ಸುತ್ತ ಹೊಸ ಮೂಳೆ ಕಟ್ಟಿಕೊಂಡಿದ್ದು ಕಾಣಿಸಿತು. ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಕೂದಲೆಳೆಯಷ್ಟು ಬಿರುಕು. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಗೆ ಸಿಗದೇ ಇರೋದು ಮಾಮೂಲು, ಅದು ನನಗೆ ಆಗ ಗೊತ್ತಿರಲಿಲ್ಲ.

ಯಾಕೆ ಹೀಗೆ? ಮಾಂಸಖಂಡ ಎರಡು ಮೂರು ವಾರದಲ್ಲಿ ಹೊಸ ಕೆಲಸಕ್ಕೆ ಒಗ್ಗುತ್ತೆ. ಮೂಳೆ ಹಾಗಲ್ಲ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೇ ಭಾಗವನ್ನು ಅಗೆದು ತೆಗೆಯುತ್ತೆ, ಆಮೇಲೆ ಅಲ್ಲಿ ಹೊಸದು ತುಂಬುತ್ತೆ. ಅಗೆಯೋದು ಕೆಲವು ವಾರದ ಕೆಲಸ, ತುಂಬೋದು ತಿಂಗಳುಗಳ ಕೆಲಸ. ನಮ್ಮೂರಲ್ಲಿ ಪೈಪ್ ಹಾಕೋಕೆ ರಸ್ತೆ ಅಗೆದು ಮಣ್ಣು ಮುಚ್ಚಿ ಬಿಟ್ಟಿರ್ತಾರಲ್ಲ, ಅದೇ ಸ್ಥಿತಿ. ಮೇಲಿಂದ ಸಮ ಇದ್ದ ಹಾಗೆ ಕಾಣುತ್ತೆ, ಲಾರಿ ಬಂದರೆ ಕುಸಿಯುತ್ತೆ. ಮೀನಖಂಡದ ನೋವು ಹೋಗಿ "ಈಗ ಆರಾಮ" ಅನಿಸುವ ಮೂರನೇ, ನಾಲ್ಕನೇ ವಾರದಲ್ಲೇ ಮೂಳೆ ಎಲ್ಲಕ್ಕಿಂತ ಸಡಿಲ ಇರಬಹುದು. ಐದು ಕಿಲೋಮೀಟರ್ ನಿಧಾನ ಓಟ ಅಂದರೆ ಹೆಚ್ಚುಕಡಿಮೆ ಐದು ಸಾವಿರ ಹೆಜ್ಜೆ, ಒಂದೊಂದು ಪಾದಕ್ಕೆ ಎರಡೂವರೆ ಸಾವಿರ ಸಲ, ಪ್ರತಿ ಸಲವೂ ಮೈ ತೂಕದ ಎರಡು ಮೂರು ಪಟ್ಟು ಭಾರ.

ಇದು ನನ್ನೊಬ್ಬನ ಕಥೆ ಅಲ್ಲ. 2013ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 36 ಅನುಭವಿ ಓಟಗಾರರನ್ನು ತಗೊಂಡು, ಅರ್ಧದಷ್ಟು ಜನರನ್ನು 10 ವಾರದಲ್ಲಿ ಇಂಥ ಶೂಗೆ ಬದಲಾಯಿಸಿ, ಮೊದಲು ಮತ್ತು ಕೊನೆಗೆ ಪಾದದ ಎಂಆರ್‌ಐ ಮಾಡಿದರು. ಬದಲಾಯಿಸಿದ 19 ಜನರಲ್ಲಿ 10 ಜನಕ್ಕೆ ಪಾದದ ಮೂಳೆಯೊಳಗೆ ಬಾವು ಹೆಚ್ಚಾಗಿತ್ತು. ಅವರೆಲ್ಲ ಓಡಿ ಪಳಗಿದವರು. ಈಗಷ್ಟೇ ಶುರು ಮಾಡುವವರಿಗೆ ಓಟವೂ ಹೊಸದು, ಶೂವೂ ಹೊಸದು. ಎರಡು ಹೊಸ ಭಾರ ಒಟ್ಟಿಗೆ ಹೊರಿಸಬೇಡಿ ಅನ್ನೋದಕ್ಕೆ ಕಾರಣ ಅದೇ.

ಕಳೆದ ವರ್ಷ ನಮ್ಮ ಅಕ್ಕನ ಮಗ ಇದೇ ಪ್ರಶ್ನೆ ತಂದ. ಇಪ್ಪತ್ತಾರು ವರ್ಷ, ಮಂಡಿಪೇಟೆಯ ಒಂದು ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ. ಅವನಿಗೆ ಒಂದು ಅನುಕೂಲ ಇತ್ತು, ಚಿಕ್ಕಂದಿನಿಂದ ಹವಾಯಿ ಚಪ್ಪಲಿ. ಹವಾಯಿ ಚಪ್ಪಲಿಯ ಡ್ರಾಪ್ ಕೂಡ ಹೆಚ್ಚುಕಡಿಮೆ ಸೊನ್ನೆಯೇ ಅಲ್ವಾ, ಹಾಗಾಗಿ ಅವನ ಅಕಿಲಿಸ್ ಆಗಲೇ ಉದ್ದಕ್ಕೆ ಒಗ್ಗಿತ್ತು. ದಿನಕ್ಕೆ ಹತ್ತು ಗಂಟೆ ಹಿಮ್ಮಡಿ ಎತ್ತರದ ಶೂ ಹಾಕುವ ಆಫೀಸಿನವರಿಗೆ ಈ ಅನುಕೂಲ ಇರಲ್ಲ, ಅವರು ಮುಂದೆ ಹೇಳುವುದನ್ನೆಲ್ಲ ಇನ್ನೂ ನಿಧಾನ ಮಾಡಬೇಕು.

ಮೊದಲು ಅವನನ್ನು ಗೋಡೆ ಹಿಡಿಸಿ ಒಂಟಿಕಾಲಲ್ಲಿ ನಿಲ್ಲಿಸಿ ಹಿಮ್ಮಡಿ ಎತ್ತಿ ಇಳಿಸು ಅಂದೆ. ಇಪ್ಪತ್ತು ಸಲ ಸಲೀಸಾಗಿ ಆಗಬೇಕು. ಅವನಿಗೆ ಬಲಗಾಲಲ್ಲಿ ಹನ್ನೊಂದಕ್ಕೇ ಕಾಲು ನಡುಗಿತು. ದಿನ ಬಿಟ್ಟು ದಿನ ಅದನ್ನೇ ಮಾಡಿಸಿದೆ, ಇಳಿಸುವಾಗ ನಿಧಾನವಾಗಿ, ಇಪ್ಪತ್ತು ಮುಟ್ಟೋಕೆ ಆರು ವಾರ ಹಿಡೀತು.

ಮೊದಲ ಎಂಟು ವಾರ ಹೊಸ ಶೂ ನಡೆಯೋಕೆ ಮಾತ್ರ. ಮೊದಲ ವಾರ ದಿನಕ್ಕೆ ಇಪ್ಪತ್ತು ನಿಮಿಷ, ಆಮೇಲೆ ವಾರಕ್ಕೆ ಹತ್ತು ನಿಮಿಷ ಜಾಸ್ತಿ, ಒಂದು ಗಂಟೆ ಆದ ಮೇಲೆ ಅಲ್ಲಿಗೇ ನಿಲ್ಲಿಸಿದೆವು. ಈ ನಡಿಗೆ ಸುಮ್ನೆ ಕಾಲ ಕಳೆಯೋದಲ್ಲ, ಪಾದದೊಳಗಿನ ಸಣ್ಣ ಮಾಂಸಖಂಡಗಳು ನಡಿಗೆಯಿಂದಲೂ ಬಲವಾಗುತ್ತವೆ. ಅದೇ ಹೊತ್ತಲ್ಲಿ ಓಟವನ್ನು ಮಾಮೂಲಿ ಶೂನಲ್ಲಿ ಕಲಿತ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ವಾರಕ್ಕೆ ಮೂರು ದಿನ. ಎಂಟನೇ ವಾರದ ಹೊತ್ತಿಗೆ ನಿಲ್ಲದೆ ಇಪ್ಪತ್ತು ನಿಮಿಷ ಓಡ್ತಿದ್ದ.

ಒಂಬತ್ತನೇ ವಾರದಿಂದ ತೆಳು ಶೂನಲ್ಲಿ ಓಟ, ಎರಡೇ ಎರಡು ನಿಮಿಷ. ಕಾಲು ದಣಿಯೋ ಮೊದಲೇ, ಓಟದ ಶುರುವಿನಲ್ಲಿ. ಆಮೇಲೆ ಚೀಲದಿಂದ ಹಳೇ ಶೂ ತೆಗೆದು ಹಾಕಿಕೊಂಡು ಉಳಿದ ಹದಿನೆಂಟು ನಿಮಿಷ. ಒಟ್ಟು ಇಪ್ಪತ್ತೇ, ಅದು ಮುಖ್ಯ. ಹೊಸ ಶೂನ ನಿಮಿಷ ಹಳೇ ಶೂನ ನಿಮಿಷದಿಂದ ಕಳೆಯಬೇಕು, ಮೇಲೆ ಸೇರಿಸಬಾರದು. ಎರಡು ವಾರಕ್ಕೊಮ್ಮೆ ಎರಡು ನಿಮಿಷ ಏರಿಸಿದೆವು. ಶೂ ಬದಲಾಯಿಸೋದನ್ನು ನೋಡಿ ನಕ್ಕವರು ಬಹಳ ಜನ.

ಹದಿಮೂರನೇ ವಾರ, ಆರು ನಿಮಿಷಕ್ಕೆ ಬಂದಾಗ, "ಮಾವ, ಏನೂ ನೋವೇ ಇಲ್ಲ, ಇವತ್ತು ಪೂರ್ತಿ ಇದರಲ್ಲೇ ಓಡ್ಲಾ?" ಅಂದ. ಬೇಡ ಅಂದೆ, ಮುಖ ಊದಿಸಿದ. ಹದಿನೈದನೇ ವಾರ ಎಂಟು ನಿಮಿಷಕ್ಕೆ ಏರಿಸಿದ ಮೇಲೆ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆ ಎಡ ಹಿಮ್ಮಡಿಯ ಮೇಲೆ ಬಿಗಿ ಅನಿಸತೊಡಗಿತು. ಅದು ಅಕಿಲಿಸ್ ಕೊಡುವ ಮೊದಲ ಸೂಚನೆ. ಅವನು ಓಡುವುದನ್ನು ಹಿಂದಿನಿಂದ ನೋಡಿದೆ. ಯಾರೋ ಮುಂಗಾಲಲ್ಲೇ ಓಡಬೇಕು ಅಂದಿದ್ದರಂತೆ, ಹಿಮ್ಮಡಿ ನೆಲಕ್ಕೆ ತಾಗಿಸದೇ ತುದಿಗಾಲಲ್ಲಿ ಓಡ್ತಿದ್ದ! ಮುಂಗಾಲು ಮೊದಲು ತಾಗಲಿ, ಪರವಾಗಿಲ್ಲ, ಆದರೆ ಹಿಮ್ಮಡಿ ಪ್ರತಿ ಹೆಜ್ಜೆಗೂ ಮೆಲ್ಲಗೆ ನೆಲ ಮುಟ್ಟಿ ಏಳಬೇಕು. ಹೆಜ್ಜೆ ಚಿಕ್ಕದು ಮಾಡು, ಉಳಿದದ್ದು ಕಾಲೇ ನೋಡಿಕೊಳ್ಳುತ್ತೆ ಅಂದೆ. ಎರಡು ವಾರ ಮತ್ತೆ ಆರು ನಿಮಿಷ. ಬಿಗಿ ಹೋಯ್ತು. ಇಪ್ಪತ್ತನೇ ವಾರಕ್ಕೆ ಹತ್ತು ನಿಮಿಷ, ಅಂದರೆ ಅವನ ಓಟದ ಅರ್ಧ. ನಾಲ್ಕೂವರೆ ತಿಂಗಳು!

ನೋವನ್ನು ಓದೋದು ಹೀಗೆ. ಎರಡೂ ಮೀನಖಂಡ ಪೂರ್ತಿ ನೋಯ್ತಾ ಇದ್ದು, ಎರಡು ದಿನದಲ್ಲಿ ಇಳಿದರೆ ಹೆದರಬೇಡಿ. ಬೆಳಗಿನ ಬಿಗಿತ ಬಂದರೆ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ. ಆದರೆ ಒಂದೇ ಕಾಲಲ್ಲಿ, ಒಂದು ಬೆರಳ ತುದಿಯಿಂದ ಒತ್ತಿ ತೋರಿಸಬಹುದಾದ ಒಂದೇ ಜಾಗದಲ್ಲಿ ಮೂಳೆ ಮೇಲೆ ನೋವಿದ್ದು, ಓಡಿದಷ್ಟೂ ಅದು ಏರಿ, ಆ ಒಂಟಿಕಾಲಲ್ಲಿ ಕುಪ್ಪಳಿಸೋಕೆ ಹೋದರೆ ಚುಚ್ಚುತ್ತೆ ಅಂದರೆ, ಅವತ್ತೇ ಓಟ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಎಕ್ಸ್‌ರೇ ಸರಿ ಇದೆ ಅಂದರೂ ನೋವು ಉಳಿದಿದ್ದರೆ ಓಡಬೇಡಿ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆ ಆದವರು ಈ ಶೂ ಬಿಟ್ಟುಬಿಡಿ. ಹೆಬ್ಬೆರಳ ಗೆಣ್ಣು ಬಿಗಿದು ಮಡಚದವರಿಗೂ ಇದು ಸಲ್ಲದು, ಅವರಿಗೆ ಗಟ್ಟಿ ಅಟ್ಟೆಯೇ ಹಿತ. ಮೂಳೆ ಸವೆದವರು, ಹಿಮ್ಮಡಿ ನೋವು ಈಗಲೂ ಇರುವವರು ಡಾಕ್ಟರನ್ನು ಕೇಳದೆ ಕೊಳ್ಳಬೇಡಿ.

ಇನ್ನು ನಮ್ಮ ಕಡೆಯವರಿಗೆ ಅಂತಲೇ ಒಂದು ಮಾತು. ಚಿತ್ರದುರ್ಗದ ಕಡೆ ಜೋಗಿಮಟ್ಟಿಗೋ ಚಂದ್ರವಳ್ಳಿಗೋ ಹೋಗುವಾಗ ನಾನು ಈ ಶೂ ಹಾಕಲ್ಲ. ಜಾಲಿಮುಳ್ಳು ನಾಲ್ಕು ಮಿಲಿಮೀಟರ್ ರಬ್ಬರನ್ನು ಲೆಕ್ಕಕ್ಕೇ ಇಡಲ್ಲ, ಒಂದು ಸಲ ಅಲ್ಲೇ ಬಂಡೆ ಮೇಲೆ ಕೂತು ಪಿನ್ನಿನಿಂದ ಮುಳ್ಳು ತೆಗೆದಿದ್ದೀನಿ.