ಬರೇ ಓದಾಕ, ಸರ್

ಆಫೀಸಿನ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಸಾಹೇಬರಿಗೆ ನಾನು ಬರೆದ ಮೊದಲ ಮೇಲ್ ಎರಡು ಸಾಲಿನದು. "ಸರ್, ಸೇಲ್ಸ್ ಡೇಟಾಬೇಸ್ ಆಕ್ಸೆಸ್ ಬೇಕಿತ್ತು. ಸ್ವಲ್ಪ ಅರ್ಜೆಂಟ್ ಇದೆ." ಹತ್ತು ನಿಮಿಷದಲ್ಲಿ ಉತ್ತರ ಬಂತು. ಅದು ಇನ್ನೂ ಚಿಕ್ಕದು: "ಯಾಕೆ? ಯಾವ ಟೇಬಲ್? ಎಲ್ಲಿ ತನಕ?"

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಆಫೀಸು. ಬೋರ್‌ವೆಲ್ ಪಂಪು ಮಾರುವ ಕಂಪನಿ. ನಾನು ಅಲ್ಲಿ ಜೂನಿಯರ್ ಅನಲಿಸ್ಟ್ ಆಗಿ ಸೇರಿ ಆಗ ಎಂಟು ತಿಂಗಳಾಗಿತ್ತು. ಬೇಸಿಗೆ ಶುರುವಾಗುವ ಮೊದಲು ಯಾವ ಡೀಲರಿಗೆ ಎಷ್ಟು ಮಾಲು ಕಳಿಸಬೇಕು ಅಂತ ಲೆಕ್ಕ ಹಾಕಿಕೊಡು ಅಂದಿದ್ದರು ಮ್ಯಾನೇಜರ್. ಅದಕ್ಕೆ ನನ್ನ ಹತ್ತಿರ ಇದ್ದದ್ದು ಪ್ರತಿ ತಿಂಗಳ ಕೊನೆಗೆ ಸೇಲ್ಸ್ ವಿಭಾಗ ಕಳಿಸುತ್ತಿದ್ದ ಎಕ್ಸೆಲ್ ಫೈಲು ಮಾತ್ರ.

ಆ ಫೈಲುಗಳ ಕಥೆ ಹೇಳಲೇಬೇಕು. ನಮ್ಮಲ್ಲಿ ಡೀಲರ್ ಕೋಡ್ ಐದು ಅಂಕಿಯದು. ಜಮಖಂಡಿಯ ಡೀಲರದು 00417. ಎಕ್ಸೆಲ್‌ನಲ್ಲಿ ಹಾಗೇ ಟೈಪ್ ಮಾಡಿದರೆ ಅದು ಸುಮ್ನೆ ಒಂದು ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆ ನುಂಗಿಬಿಡುತ್ತದೆ, 417 ಉಳಿಯುತ್ತದೆ. ಇನ್ನೊಬ್ಬರು ಕಳಿಸಿದ ಫೈಲಿನಲ್ಲಿ 00417 ಅಂತಲೇ ಇರುತ್ತದೆ. ಎರಡನ್ನೂ ಹೊಂದಿಸಲು ಹೋದರೆ ಸಾಲುಗಟ್ಟಲೆ `#N/A`. ಅದನ್ನು ಕೈಯಿಂದ ಸರಿಮಾಡುತ್ತ ಒಂದೊಂದು ಸಲ ಅರ್ಧ ದಿನ ಹೋಗಿದೆ.

ಆದರೆ ಅದು ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಬೇರೆ ಇತ್ತು. ಅಕ್ಟೋಬರ್ ಫೈಲಿನಲ್ಲಿ ಜಮಖಂಡಿ ಡೀಲರ್ 46 ಪಂಪು ಕೊಂಡ ಅಂತಿತ್ತು. ಅಥಣಿಯವನು 41. ಜಮಖಂಡಿಯೇ ಮೇಲೆ ಅಂತ ನಾನು ಪಟ್ಟಿ ಮಾಡಿ ಕೊಟ್ಟೆ. ಮರುದಿನ ಸರ್ವಿಸ್ ವಿಭಾಗದ ಅಣ್ಣ ಒಬ್ಬರು ಚಹಾ ಕುಡಿಯುತ್ತ, "ಜಮಖಂಡಿಯಿಂದ ಭಾಳ ಮಾಲ್ ವಾಪಸ್ ಬಂತಲ್ರೀ" ಅಂದರು. ನನ್ನ ಫೈಲಿನಲ್ಲಿ ವಾಪಸ್ ಅನ್ನುವ ಕಾಲಮ್ಮೇ ಇಲ್ಲ! ಮಾಲು ಅಕ್ಟೋಬರಿನದಾದರೂ ವಾಪಸಾತಿಯನ್ನು ಲೆಕ್ಕಕ್ಕೆ ತರುವ ಕ್ರೆಡಿಟ್ ನೋಟ್ ಆಗಿದ್ದು ನವೆಂಬರಿನಲ್ಲಿ. ಅಕ್ಟೋಬರ್ ಫೈಲು ಅಷ್ಟರಲ್ಲಿ ನನ್ನ ಕೈ ಸೇರಿ ಆಗಿತ್ತು. ನವೆಂಬರಿನ ವಾಪಸಾತಿ ಪಟ್ಟಿ ಬೇರೆ ಬರುತ್ತದೆ, ಆದರೆ ಅದರಲ್ಲಿ ಯಾವ ಬಿಲ್ಲಿನ ಮಾಲು ಅಂತ ಬರೆದಿರುವುದಿಲ್ಲ. ಡೇಟಾಬೇಸಿನ ಕ್ರೆಡಿಟ್ ನೋಟ್ ಟೇಬಲ್ಲಿನಲ್ಲಿ ಮಾತ್ರ ಬಿಲ್ ನಂಬರ್ ಇದೆ. ಇದು ಗೊತ್ತಾದ ಸಿಟ್ಟಿನಲ್ಲಿ ಬರೆದದ್ದು ಆ ಎರಡು ಸಾಲಿನ ಮೇಲ್.

"ಯಾಕೆ? ಯಾವ ಟೇಬಲ್? ಎಲ್ಲಿ ತನಕ?" ಓದಿ ನನಗೆ ಅವಮಾನ ಆಯಿತು. ಕೊಡಲು ಮನಸ್ಸಿಲ್ಲ, ಅದಕ್ಕೇ ಸತಾಯಿಸುತ್ತಿದ್ದಾರೆ ಅಂದುಕೊಂಡೆ. ನೇರ ಅವರ ರೂಮಿಗೇ ಹೋದೆ. ಸರ್ವರ್ ಪಕ್ಕದ ಖೋಲಿ, ಎಸಿ ಕೊರೆಯುತ್ತಿರುತ್ತದೆ. ನಮ್ಮ ಡಿಬಿಎ ಸಾಹೇಬರು ಏಪ್ರಿಲಿನಲ್ಲೂ ಸ್ವೆಟರ್ ಹಾಕುವ ಮನುಷ್ಯ.

"ಬರೇ ಓದಾಕ ಸರ್, ಏನೂ ಬದಲ್ ಮಾಡೂದಿಲ್ಲ" ಅಂದೆ.

"ನೋಡವಾ ತಂಗಿ, ಓದಾಕೂ ಮಷಿನ್ ದುಡೀಬೇಕಲ್ಲ" ಅಂದರು. ಹಿಂದೆ ಯಾರೋ ತಿಂಗಳ ಕೊನೆಯ ಸಂಜೆ ಮೂರು ವರ್ಷದ ಬಿಲ್ಲುಗಳನ್ನೆಲ್ಲ ಒಂದೇ ಸಲ ಕೇಳಿದ್ದರಂತೆ. ಓದುವ ಕ್ವೆರಿ ಬರೆಯುವವರಿಗೆ ಬೀಗ ಹಾಕುವುದಿಲ್ಲ, ನಿಜ. ಆದರೆ ಡಿಸ್ಕ್ ಪೂರ್ತಿ ಅದರ ಸೇವೆಗೇ ನಿಂತಿತು. ಬಿಲ್ಲಿಂಗ್ ತೆವಳತೊಡಗಿತು. ಬಿಲ್ಲು ಕೈಗೆ ಬರದೆ ಮಾಲು ತುಂಬಿದ ಲಾರಿ ಗೇಟಿನಲ್ಲಿ ಒಂದು ತಾಸು ನಿಂತಿತು. ಬೈಗುಳ ತಿಂದದ್ದು ಮಾತ್ರ ಇವರು.

"ಮತ್ತ ಡೀಲರ್ ಟೇಬಲ್ನ್ಯಾಗ ಅವರ ಫೋನ್ ನಂಬರ್, ಬ್ಯಾಂಕ್ ಅಕೌಂಟ್ ಎಲ್ಲಾ ಅದಾವು. ಅದು ನಿನಗ ಬೇಕಾ?"

ಬೇಡ ಅಂದೆ. ಅಲ್ಲಿವರೆಗೆ ಅದು ನನ್ನ ತಲೆಗೇ ಬಂದಿರಲಿಲ್ಲ.

"ಬ್ಯಾಡ ಅಂದ್ರ ಬ್ಯಾಡ ಅಂತ ಬರಿ. ನಿನ್ನ ಪ್ರಶ್ನಿ ಏನೈತಿ, ಅದನ್ನ ಮೊದಲ ಬರಿ. ಕೀಲಿ ಆಮ್ಯಾಲ."

ನಮ್ಮ ಆಫೀಸಿನ ಮೇಲ್ ಎಲ್ಲ ಇಂಗ್ಲಿಷಿನಲ್ಲೇ. ಆದರೆ ಆ ರಾತ್ರಿ ಮನೆಯಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆಯಲು ಹೋದರೆ "ಕೈಂಡ್ಲಿ", "ಅಟ್ ದಿ ಅರ್ಲಿಯೆಸ್ಟ್" ಅಂತ ಬರೀ ಅಲಂಕಾರವೇ ಬರುತ್ತಿತ್ತು. ಕೊನೆಗೆ ಕನ್ನಡದಲ್ಲೇ ಬರೆದೆ. ಅವರೂ ನಮ್ಮ ಕಡೆಯವರೇ ಅಲ್ವಾ, ಹಾಗೇ ಕಳಿಸಿಬಿಟ್ಟೆ.

"ಸರ್, ಅಕ್ಟೋಬರಿನಿಂದ ಯಾವ ಡೀಲರ್ ಎಷ್ಟು ಪಂಪು ಕೊಂಡ, ಅದರಲ್ಲಿ ಎಷ್ಟು ವಾಪಸ್ ಬಂತು, ಕೈಯಲ್ಲಿ ಎಷ್ಟು ಉಳಿಯಿತು ಅನ್ನುವುದು ನನ್ನ ಪ್ರಶ್ನೆ. ಈಗ ಬರುವ ಎಕ್ಸೆಲ್ಲಿನಲ್ಲಿ ಇದು ಸಿಗುವುದಿಲ್ಲ. ವಾಪಸ್ ಬಂದ ಮಾಲು ಯಾವ ಬಿಲ್ಲಿನದು ಅಂತ ಅದರಲ್ಲಿ ಇರುವುದಿಲ್ಲ. ಜಮಖಂಡಿ ಡೀಲರ್ ವಿಷಯದಲ್ಲಿ ಇದರಿಂದಲೇ ತಪ್ಪು ಪಟ್ಟಿ ಕೊಟ್ಟಿದ್ದೇನೆ.

`sales` ಸ್ಕೀಮಾದಲ್ಲಿ ನನಗೆ ಬೇಕಾದದ್ದು ಮೂರು ಟೇಬಲ್: `invoices`, `invoice_lines`, `credit_notes`. ಡೀಲರ್ ಟೇಬಲ್ಲಿನಲ್ಲಿ ಕೋಡ್, ಹೆಸರು, ಊರು ಸಾಕು. ಫೋನ್, ಬ್ಯಾಂಕ್ ವಿವರ ಬೇಡ. ಬರೆಯುವ, ಅಳಿಸುವ ಅಧಿಕಾರ ಯಾವುದೂ ಬೇಡ.

ಮುಖ್ಯ ಸರ್ವರೇ ಆಗಬೇಕು ಅಂತ ಇಲ್ಲ. ರೆಪ್ಲಿಕಾದಲ್ಲಿ ಕೊಟ್ಟರೂ ನಡೆಯುತ್ತದೆ, ಲೆಕ್ಕ ಸ್ವಲ್ಪ ಹಿಂದಿದ್ದರೂ ತೊಂದರೆ ಇಲ್ಲ. ಕ್ವೆರಿಯನ್ನು ಬೆಳಿಗ್ಗೆ ಒಂಬತ್ತರ ಒಳಗೆ, ವಾರಕ್ಕೊಮ್ಮೆ ಓಡಿಸುತ್ತೇನೆ. ತಿಂಗಳ ಕೊನೆಯ ಎರಡು ದಿನ ಮುಟ್ಟುವುದಿಲ್ಲ. ಮಾರ್ಚ್ 31ರ ತನಕ ಸಾಕು. ಮ್ಯಾನೇಜರ್ ಒಪ್ಪಿದ್ದಾರೆ, ಈ ಮೇಲ್‌ನಲ್ಲಿ ಅವರೂ ಇದ್ದಾರೆ."

ಇಷ್ಟೇ. ಬರೆಯುವಾಗ ಒಂದು ವಿಚಿತ್ರ ಆಯಿತು. ಮೊದಲು ಏಳು ಟೇಬಲ್ ಹೆಸರು ಹಾಕಿದ್ದೆ. ಪ್ರತಿಯೊಂದಕ್ಕೂ ಯಾಕೆ ಅಂತ ಬರೆಯಲು ಹೋದಾಗ ನಾಲ್ಕಕ್ಕೆ ಕಾರಣವೇ ಹೊಳೆಯಲಿಲ್ಲ. ಇರಲಿ, ಮುಂದೆ ಬೇಕಾದೀತು ಅನ್ನುವ ಆಸೆ, ಅಷ್ಟೇ.

ಮರುದಿನ ಮಧ್ಯಾಹ್ನ "ಆಗೈತಿ, ನೋಡು" ಅಂತ ಉತ್ತರ ಬಂತು. ಖುಷಿಯಿಂದ ಮೊದಲ ಕ್ವೆರಿ ಓಡಿಸಿದೆ.

```
ERROR:  permission denied for schema sales
```

ಕೊಟ್ಟಿದ್ದೇನೆ ಅಂತಾರೆ, ಇದು ಇಲ್ಲ ಅನ್ನುತ್ತದೆ. ಸಾಲನ್ನು ಎರಡನೇ ಸಲ ಓದಿದಾಗ ಕಂಡಿತು: `table` ಅಂತಿಲ್ಲ, `schema` ಅಂತಿದೆ. ಫೋನ್ ಮಾಡಿ ಅದನ್ನೇ ಓದಿ ಹೇಳಿದೆ. ಆ ಕಡೆಯಿಂದ ನಗು. "ಅಯ್ಯ, ಕಪಾಟಿನ ಕೀಲಿ ಕೊಟ್ಟೀನಿ, ವಾಡೇದ ಬಾಗಿಲಾನ ತೆಗದಿಲ್ಲ!" ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರಲ್ಲಿ ಟೇಬಲ್ ಓದುವ ಅಧಿಕಾರ ಬೇರೆ, ಆ ಟೇಬಲ್ ಇರುವ ಸ್ಕೀಮಾದೊಳಗೆ ಹೋಗುವ ಅಧಿಕಾರ ಬೇರೆ. ಎರಡೂ ಬೇಕು. ಅವರು ಸೇರಿಸಿದ ಮೇಲೆ ಒಟ್ಟು ಹೀಗಾಯಿತು:

```sql
GRANT USAGE ON SCHEMA sales TO analyst_ro;
GRANT SELECT ON sales.invoices, sales.invoice_lines,
  sales.credit_notes, sales.dealers_basic TO analyst_ro;
```

ಕೊನೆಯ `dealers_basic` ಟೇಬಲ್ ಅಲ್ಲ, ವ್ಯೂ. ಡೀಲರ್ ಟೇಬಲ್ಲಿನಿಂದ ಕೋಡ್, ಹೆಸರು, ಊರು ಮೂರನ್ನೇ ತೋರಿಸುವ ಕಿಟಕಿ. ಮೂಲ ಟೇಬಲ್ಲಿಗೆ ನನಗೆ ಅಧಿಕಾರ ಇಲ್ಲದಿದ್ದರೂ ವ್ಯೂ ಕೆಲಸ ಮಾಡುತ್ತದೆ, ಯಾಕಂದ್ರೆ ಸಾಮಾನ್ಯವಾಗಿ ಅದು ಒಳಗೆ ಓದುವುದು ವ್ಯೂ ಮಾಡಿದವರ ಅಧಿಕಾರದ ಮೇಲೆ. ಮೂಲ ಟೇಬಲ್ ಓದಲು ಹೋಗಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಬಾಗಿಲು ಹಾಕಿತ್ತು. ಇಡೀ ಸ್ಕೀಮಾಕ್ಕೆ ಒಂದೇ ಸಾಲಿನಲ್ಲಿ ಕೊಡಬಹುದಿತ್ತಲ್ಲ ಅಂತ ಕೇಳಿದ್ದಕ್ಕೆ, "ಕೊಡಬೌದು. ಆದ್ರ ಅದು ಇವತ್ತ ಇರೂ ಟೇಬಲ್ಲಿಗಷ್ಟ. ನಾಳೆ ಹೊಸಾದು ಬಂದ್ರ ಮತ್ತ ಕೊಡಬೇಕು. ಅದೂ ಅಲ್ದ, ನೀನು ಕೇಳಿದ್ದು ನಾಕು" ಅಂದರು.

ಇನ್ನು ಜಮಖಂಡಿ. ನನ್ನ ಮೊದಲ ಲೆಕ್ಕದಲ್ಲಿ ಅಕ್ಟೋಬರ್ ಮಾರಾಟ 58 ಬಂತು. ಎಕ್ಸೆಲ್ಲಿನಲ್ಲೇ 46 ಇತ್ತು, ವಾಪಸ್ ಕಳೆದರೆ ಕಡಿಮೆ ಆಗಬೇಕು, ಹೆಚ್ಚು ಹೇಗಾದೀತು? ಒಂದೊಂದೇ ಬಿಲ್ಲು ತೆಗೆದು ನೋಡಿದೆ. ಒಂದು ಬಿಲ್ಲು 12 ಪಂಪಿನದು. ಅದರ ಮೇಲೆ ಎರಡು ಕ್ರೆಡಿಟ್ ನೋಟ್ ಆಗಿದ್ದವು, ಒಮ್ಮೆ 5, ಒಮ್ಮೆ 4. ನಾನು ಬಿಲ್ಲನ್ನೂ ಕ್ರೆಡಿಟ್ ನೋಟನ್ನೂ ನೇರವಾಗಿ ಜಾಯಿನ್ ಮಾಡಿದ್ದೆ. ಎರಡು ನೋಟ್ ಇದ್ದದ್ದಕ್ಕೆ ಆ 12 ಎರಡು ಸಲ ಎಣಿಕೆಗೆ ಬಂದಿತ್ತು. ಮಾರಾಟವನ್ನು ಬೇರೆ ಕೂಡಿಸಿ, ವಾಪಸನ್ನು ಬೇರೆ ಕೂಡಿಸಿ, ಆಮೇಲೆ ಕಳೆದೆ. 46ರಲ್ಲಿ 9 ಹೋಗಿ 37. ಅಥಣಿಯವನದು 41ರಲ್ಲಿ ಒಂದೇ ಒಂದು ವಾಪಸ್, 40. ಪಟ್ಟಿ ತಲೆಕೆಳಗಾಯಿತು. ಮ್ಯಾನೇಜರಿಗೆ ಹೊಸದನ್ನು ಕೊಡುವಾಗ ಹಳೆಯದು ಯಾಕೆ ತಪ್ಪು ಅಂತಲೂ ಹೇಳಿದೆ. ಅವರು ಮುಖ ಗಂಟಿಕ್ಕಿದರು, ಬೈಯಲಿಲ್ಲ. ಆ 9 ಪಂಪಿನಲ್ಲಿ 7 ಒಂದೇ ಮಾಡೆಲ್ ಅಂತ ಗೊತ್ತಾದ ಮೇಲೆ ಸರ್ವಿಸ್ ವಿಭಾಗದವರು ನನ್ನ ಟೇಬಲ್ಲಿಗೆ ಬರತೊಡಗಿದರು. ಅದು ಬೇರೆ ಕಥೆ.

ಮಾರ್ಚ್ ಕೊನೆಗೆ ನಾನು ತಾರೀಖು ಮರೆತಿದ್ದೆ. ಸಾಹೇಬರು ಮರೆತಿರಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಪಾಸ್‌ವರ್ಡಿಗೆ ಕೊನೆ ದಿನ ಹಾಕಬಹುದು, ಆದರೆ `GRANT` ಮಾಡಿದ್ದು ತಾನಾಗಿ ಮುಗಿಯುವುದಿಲ್ಲ. ಯಾರಾದರೂ ಕೂತು `REVOKE` ಮಾಡಬೇಕು. ಅವರು ಗೋಡೆಯ ಕ್ಯಾಲೆಂಡರಿನಲ್ಲಿ 31ರ ಚೌಕದಲ್ಲಿ ಪೆನ್ಸಿಲಿನಿಂದ ನನ್ನ ಹೆಸರು ಬರೆದಿಟ್ಟಿದ್ದರು. ಏಪ್ರಿಲ್‌ನ ಮೊದಲ ವಾರದ ಕ್ವೆರಿಗೆ ಮತ್ತೆ `permission denied`. ಹಳೆಯ ಪತ್ರ ತೆಗೆದೆ, ತಾರೀಖು ಬದಲಿಸಿದೆ, `invoice_lines` ಪಕ್ಕದಲ್ಲಿ ಆ ಒಂದು ಮಾಡೆಲ್ಲಿನ ವಿಷಯ ಸೇರಿಸಿದೆ. ಚಹಾ ಬರುವುದರೊಳಗೆ ಕಳಿಸಿ ಆಗಿತ್ತು.