ಕಣ್ಣಿದ್ದ ಎಲೆ, ಕಣ್ಣಿಲ್ಲದ ಎಲೆ

ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸಿದೆವು. ಬಾಲ್ಕನಿಯ ಕುಂಡಗಳನ್ನೆಲ್ಲ ಎತ್ತಿ ಹಾಲಿನ ಮೂಲೆಗೆ ಇಡಬೇಕಾಯಿತು. ಬಣ್ಣದವರು ಅವಸರದಲ್ಲಿದ್ದರು. ಒಂದು ಕುಂಡ ಬಾಗಿಲಿಗೆ ತಗುಲಿತು, ಇನ್ನೊಂದು ಉರುಳಿತು. ಸಂಜೆ ಕಸ ಗುಡಿಸಲು ಹೋದರೆ ನೆಲದ ತುಂಬಾ ನನ್ನ ಸಕ್ಯುಲೆಂಟ್‌ಗಳ, ಅಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಡುವ ಗಿಡಗಳ, ಎಲೆಗಳು. ಗುಡಿಸಿ ಎಸೆಯಲು ಮನಸ್ಸು ಬರಲಿಲ್ಲ. ಎಲೆಯಿಂದಲೇ ಹೊಸ ಗಿಡ ಎಬ್ಬಿಸೋಣ ಅಂತ ಒಂದೊಂದಾಗಿ ಹೆಕ್ಕಿ ಮೊರಕ್ಕೆ ಹಾಕಿದೆ. ಎಣಿಸಿದರೆ 34. ಬೂದು ಬಣ್ಣದ ಗೋಸ್ಟ್ ಪ್ಲಾಂಟಿನವು 16, ಎಚೆವೇರಿಯಾದವು 12, ಜೇಡ್ ಗಿಡದವು 6.

ಮೊರದಲ್ಲಿ ಹಾಗೇ ನಾಲ್ಕು ದಿನ ನೆರಳಲ್ಲಿ ಬಿಟ್ಟೆ. ಎಲೆ ಕಿತ್ತ ಜಾಗ ಒಂದು ಗಾಯವೇ ಅಲ್ವಾ, ಅದು ಒಣಗಿ ಮೇಲೊಂದು ಪೊರೆ ಕಟ್ಟಬೇಕು. ಹಸಿ ಗಾಯವನ್ನು ಒದ್ದೆ ಮಣ್ಣಿಗೆ ತಾಗಿಸಿದರೆ ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಆಮೇಲೆ ಅಗಲವಾದ ಒಂದು ಟ್ರೇನಲ್ಲಿ ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್ ಮತ್ತು ದಪ್ಪ ಮರಳನ್ನು ಸಮ ಸಮ ಬೆರೆಸಿ, ಎಲೆಗಳನ್ನು ಅದರ ಮೇಲೆ ಸುಮ್ನೆ ಮಲಗಿಸಿದೆ. ಹೂಳಲಿಲ್ಲ. ಪೂರ್ವದ ಕಿಟಕಿಯ ಹತ್ತಿರ, ಬೆಳಕು ಬರುವ ಕಡೆ ಟ್ರೇ ಇಟ್ಟೆ.

ಎರಡು ವಾರಕ್ಕೆ ಗೋಸ್ಟ್ ಪ್ಲಾಂಟಿನ ಎಲೆಗಳ ಬುಡದಲ್ಲಿ ಬೇರು ಕಾಣಿಸಿತು. ಬಿಳಿ ಅಲ್ಲ, ನಸುಗೆಂಪು. ಹೊಲಿಗೆ ದಾರದ ತುಂಡಿನಷ್ಟು ಸಪೂರ. ಇನ್ನೊಂದೆರಡು ವಾರಕ್ಕೆ ಆ ಬೇರುಗಳ ನಡುವೆ ಸಾಸಿವೆ ಗಾತ್ರದ ಮೊಳಕೆ ಎದ್ದಿತು. ಭೂತಗನ್ನಡಿ ಹಿಡಿದು ನೋಡಿದರೆ ಆ ಸಾಸಿವೆಯೊಳಗೇ ನಾಲ್ಕು ಪುಟ್ಟ ಎಲೆ, ಹೂವಿನ ಹಾಗೆ ಜೋಡಿಸಿಕೊಂಡು ಕೂತಿದ್ದವು.

ಆದರೆ ಎಚೆವೇರಿಯಾ ಎಲೆಗಳಲ್ಲಿ ಅರ್ಧದಷ್ಟು ಏನೂ ಮಾಡಲಿಲ್ಲ. ಕೊಳೆಯಲಿಲ್ಲ, ಬೇರು ಬಿಡಲಿಲ್ಲ, ಸುಮ್ಮನೆ ಮಲಗಿದ್ದವು. ಐದನೇ ವಾರದಿಂದ ಒಂದೊಂದೇ ಸುಕ್ಕು ಬಿದ್ದು, ಒಣದ್ರಾಕ್ಷಿಯ ಹಾಗೆ ಮುದುರತೊಡಗಿದವು. ಅದೇ ಟ್ರೇ, ಅದೇ ಬೆಳಕು, ಅದೇ ನೀರು. ಪಕ್ಕದ ಎಲೆ ಮರಿ ಹಾಕಿದೆ, ಇದು ಒಣಗುತ್ತಿದೆ. ಯಾಕೆ?

ಆ ಹೊತ್ತಿಗೆ ಮಂಡ್ಯದಿಂದ ಅತ್ತೆ ಬಂದಿದ್ದರು. ನಾನು ಟ್ರೇ ಮುಂದೆ ಕೂತು ತಲೆ ಕೆಡಿಸಿಕೊಳ್ಳುವುದನ್ನು ನೋಡಿ ಪಕ್ಕಕ್ಕೆ ಬಂದು ಕೂತರು. ಒಂದು ಒಣ ಎಲೆ ಎತ್ತಿ ಹಿಂದೆ ಮುಂದೆ ತಿರುಗಿಸಿದರು.

"ಕಾಡುಬಸಳೆ ಎಲೆ ಆದ್ರೆ ಪುಸ್ತಕದೊಳಗಿಟ್ರೂ ಚಿಗುರ್ತದೆ. ಇದ್ರ ಕಣ್ಣು ಎಲ್ಲಿರ್ತದವ್ವ?" ಅಂದರು.

"ಕಣ್ಣಾ ಅತ್ತೆ?"

"ಊಂ ಮತ್ತೆ. ಕಬ್ಬು ನೆಡುವಾಗ ಕಣ್ಣು ನೋಡಿ ತಾನೇ ತುಂಡು ಮಾಡೋದು? ಕಣ್ಣಿಲ್ಲದ ತುಂಡು ನೆಟ್ರೆ ಮೊಳೀತದಾ?"

ಅಷ್ಟು ಹೇಳಿ ಅವರು ಕಾಫಿಗೆ ಹಾಲಿಡಲು ಎದ್ದು ಹೋದರು. ನಾನು ಭೂತಗನ್ನಡಿ ತೆಗೆದುಕೊಂಡೆ. ಅಲ್ಲಿಯವರೆಗೆ ನಾನು ಬೇರು ಬಂದ ಎಲೆಗಳನ್ನೇ ನೋಡುತ್ತಿದ್ದೆ. ಬಾರದ ಎಲೆಗಳ ಬುಡವನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಮರಿ ಹಾಕಿದ ಎಲೆಗಳ ಬುಡ ನುಣುಪಾಗಿತ್ತು. ಉಗುರಿನ ಅಂಚಿನ ಹಾಗೆ ಸ್ವಲ್ಪ ಬಾಗಿ, ಎರಡೂ ಕೊನೆ ಪೂರ್ತಿಯಾಗಿ ಇತ್ತು. ಒಣಗಿದವುಗಳ ಬುಡ ಹರಿದ ಕಾಗದದ ಹಾಗಿತ್ತು. ಒಂದು ಕೊನೆ ಇಲ್ಲ, ನಡುವೆ ಸಣ್ಣ ಹಳ್ಳ. ತಾಯಿ ಗಿಡದ ಹತ್ತಿರ ಹೋಗಿ ಕಾಂಡ ನೋಡಿದೆ. ಎಲೆ ಪೂರ್ತಿಯಾಗಿ ಬಿಟ್ಟ ಕಡೆ ಬರೀ ಒಂದು ಸಪಾಟಾದ ಕಲೆ ಇತ್ತು. ಆರು ಕಡೆ ಮಾತ್ರ ಎಲೆಯ ಬುಡದ ಚೂರು ಕಾಂಡಕ್ಕೇ ಅಂಟಿಕೊಂಡು, ಒಣಗಿ, ಮೀನಿನ ಹುರುಪೆಯ ಹಾಗೆ ಎದ್ದು ನಿಂತಿತ್ತು. ಟ್ರೇನಲ್ಲಿ ಬುಡ ಹರಿದಿದ್ದ ಎಲೆಗಳೂ ಆರೇ.

ಕಾಡುಬಸಳೆಯಲ್ಲಿ ಮೊಗ್ಗು ಬರುವ ಜಾಗ ಎಲೆಯ ಅಂಚಿನ ಕಚ್ಚುಗಳಲ್ಲಿದೆ. ಹಾಗಾಗಿ ಆ ಎಲೆಯನ್ನು ಹೇಗೆ ಕಿತ್ತರೂ ನಡೆಯುತ್ತದೆ. ಎಚೆವೇರಿಯಾ, ಗೋಸ್ಟ್ ಪ್ಲಾಂಟ್, ಜೇಡ್ ಇವುಗಳಲ್ಲಿ ಹೊಸ ಗಿಡ ಕಟ್ಟಬಲ್ಲ ಜೀವಕೋಶಗಳು ಇರುವುದು ಎಲೆ ಕಾಂಡಕ್ಕೆ ಸೇರುವ ಬುಡದ ತೆಳು ಪಟ್ಟಿಯಲ್ಲಿ. ಕಬ್ಬಿನ ಕಣ್ಣಿನಂತೆ ಅದು ಮೊದಲೇ ಕಣ್ಣಿಗೆ ಕಾಣುವುದಿಲ್ಲ. ಎಲೆ ಗಿಡದಿಂದ ಬೇರೆಯಾದ ಮೇಲೆ ಆ ಕೋಶಗಳು ಎಚ್ಚೆತ್ತು ಬೇರು, ಚಿಗುರು ಕಟ್ಟುತ್ತವೆ. ಆ ಪಟ್ಟಿ ಕಾಂಡದಲ್ಲೇ ಉಳಿದುಬಿಟ್ಟರೆ ಎಲೆಯ ಕೈಯಲ್ಲಿ ಉಳಿಯುವುದು ನೀರಿನ ಚೀಲ ಮಾತ್ರ. ಮೇಲೆ ಮೇಣದ ಪದರ ಇರುತ್ತದೆ, ಉಸಿರಾಡುವ ರಂಧ್ರಗಳು ಹೆಚ್ಚಾಗಿ ರಾತ್ರಿ ತಂಪಲ್ಲೇ ತೆರೆಯುತ್ತವೆ. ಅದಕ್ಕೇ ನೀರು ಬಹಳ ನಿಧಾನಕ್ಕೆ ಖರ್ಚಾಗುತ್ತದೆ. ಎಲೆ ಒಂದೆರಡು ತಿಂಗಳು ದುಂಡಗೇ ಇದ್ದು ನಮಗೆ ಆಸೆ ಹುಟ್ಟಿಸುತ್ತದೆ, ಆಮೇಲೆ ಮುದುರುತ್ತದೆ. ನೀರು ಜಾಸ್ತಿ ಹಾಕಿದರೂ ಪ್ರಯೋಜನವಿಲ್ಲ, ಒಳಗೆ ಎಳೆದುಕೊಳ್ಳಲು ಬೇರೇ ಇಲ್ಲ.

ಹರಿದ ಆರರಲ್ಲಿ ಒಂದು ಮಾತ್ರ ಬೇರು ಬಿಟ್ಟಿತು. ಅದರ ಬುಡದ ಒಂದು ಮೂಲೆ ಉಳಿದಿತ್ತು. ಚೆನ್ನಾಗಿಯೇ ಬೇರು ಬಿಟ್ಟು, ಮಣ್ಣು ಹಿಡಿದು, ಇನ್ನೂ ದುಂಡಗಿದೆ. ಆದರೆ ಚಿಗುರು ಇಲ್ಲ. ಬೇರು ಕಟ್ಟುವುದು, ಚಿಗುರು ಕಟ್ಟುವುದು ಎರಡೂ ಬೇರೆ ಬೇರೆ ಕೆಲಸ. ಒಂದಾಗಿ ಇನ್ನೊಂದು ಆಗದೇ ಉಳಿಯಬಹುದು ಅಂತ ನನಗೆ ಗೊತ್ತಾಗಿದ್ದು ಆ ಎಲೆಯಿಂದ.

ಅದರ ತಿರುವುಮುರುವು ಕೂಡ ಆಯಿತು. ಬುಡ ಪೂರ್ತಿ ಇದ್ದ ಆರು ಎಚೆವೇರಿಯಾ ಎಲೆಗಳಲ್ಲಿ ಎರಡಕ್ಕೆ ಮರಿ ಬಂತು, ಬೇರು ಬರಲಿಲ್ಲ. ಮರಿ ಕಡಲೆಕಾಳಿನಷ್ಟು ಆಗುವ ಹೊತ್ತಿಗೆ ತಾಯಿ ಎಲೆ ಅರ್ಧ ಬತ್ತಿತ್ತು. ಎಲೆಯಲ್ಲಿರುವ ನೀರು ಮುಗಿಯುವುದರೊಳಗೆ ಬೇರು ಬರದಿದ್ದರೆ ಎರಡೂ ಹೋಗುತ್ತವೆ. ಎಲೆಗಳು ಸ್ವಲ್ಪ ಎದ್ದುಕೊಂಡು, ಬುಡ ಮಣ್ಣಿಗೆ ತಾಗದೇ ಗಾಳಿಯಲ್ಲಿದ್ದವು. ಬುಡ ತಾಗುವ ಹಾಗೆ ತಿರುಗಿಸಿ, ಮರಿಯ ಕೆಳಭಾಗಕ್ಕೆ ಚಿಟಿಕೆ ಮಣ್ಣು ಏರಿಸಿ, ಅಲ್ಲಿ ಮಾತ್ರ ಡ್ರಾಪರ್‌ನಿಂದ ಎರಡು ದಿನಕ್ಕೊಮ್ಮೆ ನಾಲ್ಕು ಹನಿ ನೀರು ಬಿಟ್ಟೆ. ಒಂದು ಉಳಿಯಿತು, ಒಂದು ಹೋಯಿತು. ಇನ್ನೊಂದು ಎಲೆಯನ್ನು ಶುರುವಿನಲ್ಲೇ ಕಳೆದುಕೊಂಡಿದ್ದೆ. ಮೊದಲ ವಾರ ಎಲೆಗಳ ಮೇಲೆಲ್ಲ ನೀರು ಸ್ಪ್ರೇ ಮಾಡಿದ್ದೆ. ಅದರ ಬುಡ ಹಳದಿಯಾಗಿ, ಗಾಜಿನ ಹಾಗೆ ಪಾರದರ್ಶಕವಾಗಿ, ಮುಟ್ಟಿದರೆ ಲೊಳಕ್ ಅಂತಿತ್ತು. ಅದು ಕೊಳೆ. ಒಣಗುವ ಎಲೆ ಗಟ್ಟಿಯಾಗಿ, ತೊಗಲಿನ ಹಾಗೆ ಸುಕ್ಕಾಗುತ್ತದೆ. ಕೊಳೆಯುವ ಎಲೆ ಮೆತ್ತಗಾಗಿ ಸೋರುತ್ತದೆ. ಕೊಳೆತದ್ದನ್ನು ಅವತ್ತೇ ತೆಗೆದು ಎಸೆದೆ, ಪಕ್ಕದವಕ್ಕೂ ಹರಡಬಾರದು ಅಂತ.

ಗೋಸ್ಟ್ ಪ್ಲಾಂಟಿನ 16 ಎಲೆಗಳಲ್ಲಿ ಬುಡ ಹರಿದದ್ದು ಒಂದೂ ಇರಲಿಲ್ಲ. ಆ ಗಿಡದ ಎಲೆ ಮುಟ್ಟಿದರೆ ಸಾಕು, ಟಪ್ ಅಂತ ಬುಡಸಮೇತ ಬಿಡುತ್ತದೆ. ಆದರೂ ಐದು ಹೋದವು. ಎರಡು ಗಿಡದ ತೀರಾ ಕೆಳಗಿನ ಹಳೆಯ ಎಲೆಗಳು. ಹೆಕ್ಕುವಾಗಲೇ ತೆಳ್ಳಗೆ, ಮೆತ್ತಗಿದ್ದವು. ಇವು ಪೆಟ್ಟಿಗೆ ಉದುರಿದವಲ್ಲ, ಗಿಡವೇ ಉದುರಿಸಿದ್ದು. ಹಳೆಯ ಎಲೆಯನ್ನು ಬಿಡುವ ಮುಂಚೆ ಗಿಡ ಅದರಲ್ಲಿರುವ ನೀರು, ಸತ್ವವನ್ನು ವಾಪಸು ಎಳೆದುಕೊಂಡಿರುತ್ತದೆ. ಮರಿಗೆ ಕೊಡಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಈಗ ನಾನು ಎಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುತ್ತೇನೆ. ದ್ರಾಕ್ಷಿಯ ಹಾಗೆ ಬಿಗಿ ಇದ್ದರೆ ಮಾತ್ರ ಟ್ರೇಗೆ.

ಉಳಿದ ಮೂರು ಹೋದದ್ದೇ ನನಗೆ ಜಾಸ್ತಿ ನೋವಾದದ್ದು, ಯಾಕೆಂದರೆ ಅವಕ್ಕೆ ಬೇರು ಬಂದಿತ್ತು. ಮೂರೂ ಟ್ರೇಯ ಅಂಚಿನಲ್ಲಿದ್ದವು. ಡಿಸೆಂಬರ್‌ನಲ್ಲಿ ಬೆಳಗಿನ ಬಿಸಿಲು ಜಾಗ ಬದಲಿಸಿ ನೇರವಾಗಿ ಆ ಅಂಚಿಗೇ ಬೀಳತೊಡಗಿತ್ತು, ನಾನು ಗಮನಿಸಲಿಲ್ಲ. ಅಂಚಿನ ಮಣ್ಣು ಮೊದಲು ಒಣಗುತ್ತದೆ. ನಸುಗೆಂಪು ಬೇರಿನ ತುದಿ ಮೊದಲು ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಕೂದಲಿನ ಹಾಗೆ ಒಣಗಿತು. ಹಾಗೆ ಒಣಗಿದ ಬೇರು ಮತ್ತೆ ಜೀವ ಹಿಡಿಯಲಿಲ್ಲ. ಗಾಯ ಒಣಗುವವರೆಗೆ ನೀರು ಬೇಡ. ಬೇರು ಕಂಡ ದಿನದಿಂದ ಬೇರಿನ ಕೆಳಗಿನ ಮಣ್ಣು ಪೂರ್ತಿ ಒಣಗಬಾರದು. ಆ ಒಂದು ದಿನವನ್ನು ಗುರುತಿಸುವುದೇ ಇದರಲ್ಲಿ ನಿಜವಾದ ಕಷ್ಟ, ದಿನಾ ಎಲೆಯ ಬುಡ ನೋಡಬೇಕು.

ಜೇಡ್ ಎಲೆಗಳದ್ದು ಬೇರೆಯದೇ ಲೆಕ್ಕ. ಉಳಿದವೆಲ್ಲ ಮರಿ ಹಾಕಿದ ಮೇಲೂ ಅವು ಸುಮ್ಮನಿದ್ದವು. ಸಂಕ್ರಾಂತಿ ಹೊತ್ತಿಗೆ ನಾಲ್ಕಕ್ಕೆ ಬೇರು ಬಂತು, ಶಿವರಾತ್ರಿ ಕಳೆದ ಮೇಲೆ ಎರಡಕ್ಕೆ ಚಿಗುರು. ಬುಡ ಸರಿ ಇದ್ದರೆ ಜೇಡ್ ಎಲೆಯನ್ನು ಬೇಗ ಎಸೆಯಬಾರದು.

ಅತ್ತೆ ಊರಿಗೆ ಹೊರಡುವ ದಿನ ನನ್ನ ಕುಂಡದ ಲೋಳೆಸರದ ಒಂದು ಎಲೆ ಮುರಿದು, "ಇದ್ನೂ ಹಂಗೇ ಮಲಗಿಸ್ಲಾ?" ಅಂತ ಕೇಳಿದರು. ಬೇಡ ಅಂದೆ. ಲೋಳೆಸರದ ಎಲೆಯ ಬುಡದಲ್ಲಿ ಆ ಕೆಲಸ ಮಾಡುವ ಕೋಶಗಳಿಲ್ಲ, ಎಷ್ಟು ಜೋಪಾನ ಮಾಡಿದರೂ ಒಣಗುತ್ತದೆ ಇಲ್ಲವೇ ಕೊಳೆಯುತ್ತದೆ. ಬುಡದಲ್ಲಿ ಎದ್ದಿದ್ದ ಮರಿಯೊಂದನ್ನು ಬೇರುಸಮೇತ ಬಿಡಿಸಿ ಕಾಗದದಲ್ಲಿ ಸುತ್ತಿ ಕೊಟ್ಟೆ. "ಕಣ್ಣಿದೆ ಅನ್ನು ಇದಕ್ಕೆ" ಅಂತ ಚೀಲಕ್ಕೆ ಹಾಕಿಕೊಂಡರು.

ಇನ್ನೊಂದು ಬಗೆಯ ಸುಕ್ಕು ಇದೆ, ಅದನ್ನು ಕಂಡರೆ ಹೆದರಬೇಕಿಲ್ಲ. ಮರಿ ದೊಡ್ಡದಾದ ಹಾಗೆ ತಾಯಿ ಎಲೆ ತುದಿಯಿಂದ ಬತ್ತುತ್ತಾ ಬರುತ್ತದೆ. ಅದರ ನೀರೆಲ್ಲ ಮರಿಗೆ ಹೋಗುತ್ತಿದೆ ಅಂತ ಅರ್ಥ. ಗುರುತಿಸುವುದು ಸುಲಭ, ಬುಡದಲ್ಲಿ ಮರಿ ಇರುತ್ತದೆ ಮತ್ತು ಅದು ಬಿಗಿಯಾಗಿ ಹಸಿರಾಗಿರುತ್ತದೆ. ಆಗ ಆ ಎಲೆಯನ್ನು ಕೀಳಬಾರದು. ನಾನು ಹಿಂದೊಮ್ಮೆ ಚೆಂದ ಕಾಣಲಿ ಅಂತ ಕಿತ್ತಾಗ ಮರಿಯ ಬೇರೂ ಎಲೆಯ ಜೊತೆಗೇ ಬಂದುಬಿಟ್ಟಿತ್ತು.

ಈ ಸಲ ಕಾದೆ. ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ಗೋಸ್ಟ್ ಪ್ಲಾಂಟಿನ ಮೊದಲ ಎಲೆಯನ್ನು ಬೆರಳ ತುದಿಯಿಂದ ಮುಟ್ಟಿದೆ. ಈರುಳ್ಳಿ ಸಿಪ್ಪೆಯಷ್ಟು ಹಗುರವಾಗಿ ತಾನಾಗಿಯೇ ಬಿಟ್ಟುಕೊಂಡಿತು. ಮರಿ ಅಲ್ಲಾಡಲೂ ಇಲ್ಲ. ಅದನ್ನು ತಳಕ್ಕೆ ತೂತು ಹಾಕಿದ ಟೀ ಲೋಟಕ್ಕೆ ವರ್ಗಾಯಿಸಿ, ಮಧ್ಯಾಹ್ನ ಅತ್ತೆಗೆ ಫೋನಿನಲ್ಲಿ ಫೋಟೋ ಕಳಿಸಿದೆ.